ಐದು ವರ್ಷ, ಒಂದೇ ಹಳಿ, ಸಾಲದ ದುಡ್ಡು

ಕೆಲಸದ ವ್ಯಾಪ್ತಿ, ಅವಧಿ, ವೆಚ್ಚ ಈ ಮೂರರ ಜಗ್ಗಾಟವನ್ನು ಕೊಂಕಣ ರೈಲಿನಲ್ಲಿ ನೋಡುವುದು

ಮಂಗಳೂರು, ಮುಂಬೈ ಎರಡೂ ಅರಬ್ಬಿ ಸಮುದ್ರದ ದಂಡೆಯ ಊರುಗಳೇ. ಆದರೂ 1990ರ ದಶಕದ ನಡುವಿನವರೆಗೆ ಬ್ರಾಡ್‌ಗೇಜ್ ರೈಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕಿದ್ದರೆ ಮೊದಲು ಕೇರಳಕ್ಕಿಳಿದು, ಪಾಲಕ್ಕಾಡಿನ ಕಣಿವೆ ದಾಟಿ, ತಮಿಳುನಾಡು, ಆಂಧ್ರಗಳನ್ನು ಬಳಸಿಕೊಂಡು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತಬೇಕಿತ್ತು. ಕರಾವಳಿಗುಂಟ ನೇರ ಹೋದರೆ ಅದರ ಅರ್ಧದಷ್ಟೂ ಇಲ್ಲ. ಹೋಟೆಲ್ ಕೆಲಸ ಹುಡುಕಿಕೊಂಡು ಮುಂಬೈಗೆ ಹೋಗುತ್ತಿದ್ದ ಉಡುಪಿ, ಕುಂದಾಪುರದ ಕಡೆಯವರು ರೈಲಿನ ಆಸೆ ಬಿಟ್ಟು ಬಸ್ಸನ್ನೇ ನಂಬಿದ್ದರು.

ಈ ನೇರ ದಾರಿಗೆ ಹಳಿ ಹಾಕುವ ನಿರ್ಧಾರ ಗಟ್ಟಿಯಾದದ್ದು ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ. ಆಗ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನಲ್ಲಿ ಹುಟ್ಟಿದವರು. ಹಣಕಾಸು ಮಂತ್ರಿ ಮಧು ದಂಡವತೆ ಕೊಂಕಣದ ರಾಜಾಪುರದಿಂದ ಗೆದ್ದುಬಂದವರು. ಮಂತ್ರಿಗಳಿಬ್ಬರೂ ಆ ದಂಡೆಯವರೇ ಆದರೂ ರೈಲ್ವೆಯ ಬೊಕ್ಕಸದಲ್ಲಿ ದುಡ್ಡಿರಲಿಲ್ಲ. ಹಾಗಾಗಿ 1990ರ ಜುಲೈನಲ್ಲಿ ಕೊಂಕಣ ರೈಲ್ವೆ ನಿಗಮ ಎಂಬ ಬೇರೆಯೇ ಕಂಪನಿ ಹುಟ್ಟಿತು. ಅದರ ಬಂಡವಾಳದಲ್ಲಿ ರೈಲ್ವೆಯದು ಶೇ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಬಾಂಡ್ ಮಾರಿ, ಸಾಲ ಎತ್ತಿ ಹೊಂದಿಸಬೇಕಿತ್ತು. ನಿಗಮದ ಮುಖ್ಯಸ್ಥರಾಗಿ ಬಂದವರು ಇ. ಶ್ರೀಧರನ್. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಹಳಿಯನ್ನು ಐದು ವರ್ಷದಲ್ಲಿ ಹಾಕಿ ಮುಗಿಸುವುದು ಗುರಿ.

ಇಲ್ಲಿ ಮೂರು ಮಾತುಗಳಿವೆ. ಎಷ್ಟು ಕೆಲಸ? 740 ಕಿಲೋಮೀಟರ್. ಎಷ್ಟು ಕಾಲ? ಐದು ವರ್ಷ. ಎಷ್ಟು ದುಡ್ಡು? ಸಾಲ ಸಿಕ್ಕಷ್ಟು. ಬ್ರಿಟನ್ನಿನ ಮಾರ್ಟಿನ್ ಬಾರ್ನ್ಸ್ ಎಂಬ ಎಂಜಿನಿಯರ್ 1969ರಲ್ಲಿ ಇಂಥ ಮೂರು ಮಾತುಗಳನ್ನು ಒಂದು ತ್ರಿಕೋನದ ಮೂರು ಮೂಲೆಗಳಿಗೆ ಬರೆದು ತೋರಿಸಿದರು. ನಿರ್ಮಾಣದ ಗುತ್ತಿಗೆ ನೋಡಿಕೊಳ್ಳುವವರು ಖರ್ಚನ್ನೊಂದೇ, ಇಲ್ಲವೇ ಗಡುವನ್ನೊಂದೇ ಹಿಡಿದು ಕೂರುತ್ತಾರೆ, ಒಂದನ್ನು ಎಳೆದರೆ ಉಳಿದೆರಡು ಅಲುಗುವುದನ್ನು ಮರೆಯುತ್ತಾರೆ ಎಂಬುದೇ ಆ ಚಿತ್ರದ ತಾತ್ಪರ್ಯ. ಕೆಲಸ ಹೆಚ್ಚಿಸಿದರೆ ಕಾಲವೋ ದುಡ್ಡೋ ಹೆಚ್ಚಬೇಕು. ಕಾಲ ಕಡಿಮೆ ಮಾಡಿದರೆ ದುಡ್ಡು ಹೆಚ್ಚಬೇಕು, ಇಲ್ಲವೇ ಕೆಲಸ ಕಡಿಮೆಯಾಗಬೇಕು. ದುಡ್ಡು ಕಡಿತವಾದರೆ ಕೆಲಸ ಕುಗ್ಗಬೇಕು, ಇಲ್ಲವೇ ನಿಧಾನವಾಗಬೇಕು. ಈ ನಿಯಮ ಗೊತ್ತಿಲ್ಲದ ಮೇಸ್ತ್ರಿಯೇ ಇಲ್ಲ. ಕಷ್ಟವಿರುವುದು ನಿಯಮದಲ್ಲಲ್ಲ, ಯಾವ ಮೂಲೆಯನ್ನು ಎಲ್ಲಿ, ಎಷ್ಟು ಸಡಿಲಿಸಬೇಕು ಎನ್ನುವುದರಲ್ಲಿ. ಕೊಂಕಣ ರೈಲಿನ ಕತೆಯಲ್ಲಿ ಆ ತೀರ್ಮಾನಗಳು ಒಂದೊಂದಾಗಿ ಕಾಣುತ್ತವೆ. ಕೆಲವು ಫಲ ಕೊಟ್ಟವು, ಕೆಲವಕ್ಕೆ ಆಮೇಲೆ ಬಡ್ಡಿ ತೆರಬೇಕಾಯಿತು.

ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಮೊದಲ ತೀರ್ಮಾನ ವ್ಯಾಪ್ತಿಯದು. ನಿಗಮ ಹಾಕಿದ್ದು ಒಂದೇ ಹಳಿಯ ಮಾರ್ಗ. ಎದುರುಬದುರು ಬರುವ ರೈಲುಗಳು ನಿಲ್ದಾಣದಲ್ಲಿ ಒಂದಕ್ಕೊಂದು ದಾರಿ ಬಿಟ್ಟುಕೊಡಬೇಕು, ಅದನ್ನೇ ರೈಲ್ವೆಯವರು ಕ್ರಾಸಿಂಗ್ ಎನ್ನುತ್ತಾರೆ. ಮೇಲೆ ವಿದ್ಯುತ್ ತಂತಿಯನ್ನೂ ಎಳೆಯಲಿಲ್ಲ, ಡೀಸೆಲ್ ಎಂಜಿನ್ ಸಾಕು ಎಂದರು. ಜೋಡಿ ಹಳಿ ಹಾಕಿದ್ದರೆ ಸುರಂಗ, ಸೇತುವೆ ಎಲ್ಲವೂ ಅಗಲವಾಗಬೇಕಿತ್ತು ಅಥವಾ ಎರಡೆರಡಾಗಬೇಕಿತ್ತು. ಅಷ್ಟು ಸಾಲವನ್ನು ಹೊಸ ಕಂಪನಿಯೊಂದು ಹೊರುವಂತಿರಲಿಲ್ಲ.

ಆದರೆ ಎರಡು ಸಂಗತಿಗಳಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಒಂದು, ಏರು. ಇಡೀ ಮಾರ್ಗದಲ್ಲಿ ಹಳಿ 150 ಮೀಟರ್ ಮುಂದೆ ಹೋದರೆ ಒಂದು ಮೀಟರಿಗಿಂತ ಹೆಚ್ಚು ಏರಬಾರದು. ನಮ್ಮ ಸಕಲೇಶಪುರ, ಸುಬ್ರಹ್ಮಣ್ಯದ ನಡುವಿನ ಘಟ್ಟದಲ್ಲಿ ಇದು 50 ಮೀಟರಿಗೆ ಒಂದು ಮೀಟರ್, ಹಾಗಾಗಿಯೇ ಅಲ್ಲಿ ರೈಲಿಗೆ ಹೆಚ್ಚುವರಿ ಎಂಜಿನ್ ಜೋಡಿಸಿ ಹತ್ತಿಸುತ್ತಾರೆ. ಇನ್ನೊಂದು, ತಿರುವು. ಎಷ್ಟೇ ಬಳುಕಿದರೂ ತಿರುವಿನ ತ್ರಿಜ್ಯ 1250 ಮೀಟರಿಗಿಂತ ಕಡಿಮೆ ಇರಬಾರದು. ಗಂಟೆಗೆ 160 ಕಿಲೋಮೀಟರ್ ವೇಗ ತಾಳುವಂತೆ ಮಾರ್ಗ ರೂಪಿಸಿದ್ದರ ಅರ್ಥ ಇದೇ.

ಈ ಎರಡು ಷರತ್ತುಗಳ ಬೆಲೆ ದೊಡ್ಡದು. ಪಶ್ಚಿಮ ಘಟ್ಟದ ಕಾಲುಗಳು ಕರಾವಳಿಯಲ್ಲಿ ಸಮುದ್ರದವರೆಗೂ ಚಾಚಿವೆ. ಎರಡು ಗುಡ್ಡಗಳ ನಡುವೆ ಒಂದು ಹೊಳೆ ಇದ್ದೇ ಇರುತ್ತದೆ. ಹಳಿ ಬಳುಕಬಹುದಾಗಿದ್ದರೆ ಗುಡ್ಡವನ್ನು ಬಳಸಿಕೊಂಡು ಹೋಗಬಹುದಿತ್ತು. ಬಳುಕಬಾರದು, ಏರಬಾರದು ಎಂದಾಗ ಗುಡ್ಡ ಕೊರೆಯಬೇಕು, ಹೊಳೆಗೆ ಸೇತುವೆ ಹಾಕಬೇಕು. 91 ಸುರಂಗಗಳು, ಚಿಕ್ಕದು ದೊಡ್ಡದು ಸೇರಿ ಸುಮಾರು 2000 ಸೇತುವೆಗಳು ಹುಟ್ಟಿದ್ದು ಹೀಗೆ. ರತ್ನಾಗಿರಿಯ ಹತ್ತಿರ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ.

ಒಂದು ಕಡೆ ಜುಗ್ಗತನ, ಇನ್ನೊಂದು ಕಡೆ ಧಾರಾಳ. ಇದರ ಹಿಂದಿನ ತರ್ಕ ಮನೆ ಕಟ್ಟಿಸಿದವರಿಗೆ ಗೊತ್ತಿರುವಂಥದ್ದೇ: ಮೇಲಿನ ಮಹಡಿಯನ್ನು ಮುಂದಕ್ಕೆ ಹಾಕಬಹುದು, ಆದರೆ ಎರಡು ಮಹಡಿ ತಾಳುವ ಪಾಯವನ್ನು ಇವತ್ತೇ ಹಾಕಬೇಕು. ವಿದ್ಯುತ್ ತಂತಿಯನ್ನು ಮೂವತ್ತು ವರ್ಷ ಬಿಟ್ಟೂ ಎಳೆಯಬಹುದು. ತಿರುವನ್ನು ನೇರ ಮಾಡುವುದೆಂದರೆ ಮಾರ್ಗವನ್ನೇ ಹೊಸದಾಗಿ ಕಟ್ಟುವುದು. ಕೆಲಸ ಕಡಿಮೆ ಮಾಡಿ ಎಂದು ಮೇಲಿನವರು ಹೇಳಿದಾಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಹಾಗಾಗಲಿಲ್ಲ. ಆಮೇಲೆ ಸೇರಿಸಬಹುದಾದದ್ದನ್ನು ಪೂರ್ತಿ ಬಿಟ್ಟರು, ಆಮೇಲೆ ತಿದ್ದಲಾಗದ್ದನ್ನು ಪೂರ್ತಿ ಉಳಿಸಿಕೊಂಡರು. 2022ರ ಜೂನ್‌ನಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಮುಗಿದು ಲೋಕಾರ್ಪಣೆಯಾದಾಗ ತಂತಿ ಹಾದುಹೋದದ್ದು ಅದೇ ಸುರಂಗಗಳಲ್ಲಿ, ಅದೇ ಸೇತುವೆಗಳ ಮೇಲೆ.

ದುಡ್ಡು ಕೊಟ್ಟು ದಿನ ಕೊಳ್ಳುವುದು

ಎರಡನೆಯ ತೀರ್ಮಾನ ಕಾಲದ್ದು. ಸರ್ಕಾರದ ಬಜೆಟ್ಟಿನಿಂದ ನಡೆಯುವ ಕಾಮಗಾರಿ ತಡವಾದರೆ ಸಾಮಗ್ರಿಯ ಬೆಲೆ ಏರಿಕೆಯೊಂದೇ ಕಣ್ಣಿಗೆ ಕಾಣುವ ನಷ್ಟ. ಸಾಲದ ದುಡ್ಡಿನಲ್ಲಿ ನಡೆಯುವ ಕಾಮಗಾರಿಯಲ್ಲಿ ಪ್ರತಿ ತಿಂಗಳಿಗೂ ಒಂದು ದರವಿದೆ. ಒಂದು ಊಹೆಯ ಲೆಕ್ಕ ಮಾಡೋಣ. ಅರ್ಧ ಮುಗಿದ ಮಾರ್ಗದಲ್ಲಿ 1000 ಕೋಟಿ ರೂಪಾಯಿ ಸಾಲದ ಹಣ ಹೂತಿದೆ, ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಳ್ಳಿ. ವರ್ಷಕ್ಕೆ 120 ಕೋಟಿ, ತಿಂಗಳಿಗೆ 10 ಕೋಟಿ. ರೈಲು ಓಡದ ಹಳಿಯಿಂದ ಒಂದು ರೂಪಾಯಿ ಆದಾಯವೂ ಇಲ್ಲ. ಅಂದರೆ ಒಂದು ತಿಂಗಳನ್ನು ಉಳಿಸಿಕೊಟ್ಟವರು ನಿಗಮಕ್ಕೆ 10 ಕೋಟಿ ಉಳಿಸಿಕೊಟ್ಟಂತೆ.

ಈಗ ಮೂರು ಕಿಲೋಮೀಟರಿನ ಒಂದು ಸುರಂಗ ತೆಗೆದುಕೊಳ್ಳಿ. ಗಟ್ಟಿ ಬಂಡೆ. ಎರಡೂ ಬಾಯಿಗಳಿಂದ ಕೊರೆಯುತ್ತ ಬಂದು ನಡುವೆ ಸೇರಬೇಕು. ಬಂಡೆಗೆ ಕುಳಿ ಕೊರೆಯುವುದು, ಮದ್ದು ತುಂಬಿ ಸಿಡಿಸುವುದು, ಹೊಗೆ ಹೋಗುವವರೆಗೆ ಕಾಯುವುದು, ಒಡೆದ ಕಲ್ಲನ್ನು ತುಂಬಿ ಹೊರಗೆ ಸಾಗಿಸುವುದು, ಮತ್ತೆ ಕುಳಿ ಕೊರೆಯುವುದು. ಹಳೆಯ ಬಗೆಯ ಕೊರೆಯಂತ್ರದಿಂದ ಒಂದೊಂದು ಬಾಯಲ್ಲಿ ತಿಂಗಳಿಗೆ 50 ಮೀಟರ್ ಸಾಗುತ್ತದೆ ಎಂದುಕೊಂಡರೆ ಎರಡೂ ಕಡೆ ಸೇರಿ 100 ಮೀಟರ್, ಒಟ್ಟು 30 ತಿಂಗಳು ಬೇಕು. ಹೈಡ್ರಾಲಿಕ್ ಯಂತ್ರ ತಂದರೆ ವೇಗ ಇಮ್ಮಡಿಯಾಗಿ 15 ತಿಂಗಳಿಗೆ ಮುಗಿಯುತ್ತದೆ, ಆದರೆ 60 ಕೋಟಿ ಹೆಚ್ಚು ಖರ್ಚು ಬೀಳುತ್ತದೆ ಎನ್ನಿ. ಹದಿನೈದು ತಿಂಗಳ ಬಡ್ಡಿ 150 ಕೋಟಿ. 60 ಕೊಟ್ಟು 150 ಉಳಿಸಿದರೆ ಯಾರೂ ಬೇಡ ಎನ್ನುವುದಿಲ್ಲ. ಕೊಂಕಣ ನಿಗಮ ಗಟ್ಟಿ ಬಂಡೆಯ ಸುರಂಗಗಳಿಗಾಗಿ ಸ್ವೀಡನ್ನಿನಿಂದ ಒಂಬತ್ತು ಹೈಡ್ರಾಲಿಕ್ ಯಂತ್ರಗಳನ್ನು ತರಿಸಿದ್ದರ ಹಿಂದೆ ಇದ್ದ ತರ್ಕ ಇದೇ ಬಗೆಯದು. ಮಾರ್ಗವನ್ನು ಮಹಾಡ್, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ್, ಪಣಜಿ, ಕಾರವಾರ, ಉಡುಪಿ ಎಂದು ಏಳು ವಿಭಾಗ ಮಾಡಿ ಎಲ್ಲ ಕಡೆ ಒಟ್ಟಿಗೆ ಕೆಲಸ ಶುರು ಮಾಡಿದ್ದೂ ದುಡ್ಡು ಕೊಟ್ಟು ದಿನ ಕೊಳ್ಳುವ ಇನ್ನೊಂದು ದಾರಿ. ಒಂದೇ ಸಲ ಏಳು ಕಡೆ ಎಂಜಿನಿಯರುಗಳು, ಯಂತ್ರಗಳು, ಕಚೇರಿಗಳು ಬೇಕಾಗುತ್ತವೆ, ಪ್ರತಿಯಾಗಿ ವರ್ಷಗಳು ಉಳಿಯುತ್ತವೆ.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಮೋಸವಿದೆ. ಅದೇ ಮಾರ್ಗದಲ್ಲಿ ಇನ್ನೊಂದು ಸುರಂಗವಿದೆ, ಅದಕ್ಕೆ ಏನೇ ಮಾಡಿದರೂ 24 ತಿಂಗಳು ಬೇಕು ಎಂದುಕೊಳ್ಳಿ. ಆಗ ಮೊದಲನೆಯದನ್ನು 15 ತಿಂಗಳಲ್ಲಿ ಮುಗಿಸಿದರೂ ರೈಲು ಓಡುವುದು 24 ತಿಂಗಳ ನಂತರವೇ. ಉಳಿದದ್ದು ಆರು ತಿಂಗಳು, ಅಂದರೆ 60 ಕೋಟಿ. ಕೊಟ್ಟದ್ದಕ್ಕೂ ಉಳಿದದ್ದಕ್ಕೂ ಸಮ. ಎರಡನೆಯ ಸುರಂಗಕ್ಕೆ 30 ತಿಂಗಳು ಬೇಕಿದ್ದರೆ ಕೊಟ್ಟ 60 ಕೋಟಿಯೂ ದಂಡ. ಎಲ್ಲಕ್ಕಿಂತ ಕೊನೆಗೆ ಮುಗಿಯುವ ಕೆಲಸಗಳ ಸರಣಿಯೊಂದು ಪ್ರತಿ ಕಾಮಗಾರಿಯಲ್ಲೂ ಇರುತ್ತದೆ. ದುಡ್ಡು ಸುರಿದು ಅವಧಿ ಕಡಿಮೆ ಮಾಡಲು ಸಾಧ್ಯವಿರುವುದು ಆ ಸರಣಿಯ ಮೇಲೆ ಸುರಿದಾಗ ಮಾತ್ರ. ಅದರ ಹೊರಗೆ ಎಷ್ಟು ಸುರಿದರೂ ಒಂದು ಕಡೆ ಬೇಗ ಮುಗಿದ ಕೆಲಸ ಇನ್ನೊಂದು ಕಡೆಯದನ್ನು ಕಾಯುತ್ತ ಕೂರುತ್ತದೆ.

ದುಡ್ಡಿಗೆ ಬಗ್ಗದ ಮಣ್ಣು

ಕೊಂಕಣ ಮಾರ್ಗದಲ್ಲಿ ಆ ಸರಣಿ ಸಿಕ್ಕಿಹಾಕಿಕೊಂಡದ್ದು ಗಟ್ಟಿ ಬಂಡೆಯಲ್ಲಿ ಅಲ್ಲ, ಮೆದು ಮಣ್ಣಿನಲ್ಲಿ. ಕರಾವಳಿಯ ಮುರಕಲ್ಲಿನ ಕೆಳಗೆ ಹಲವೆಡೆ ಶೇಡಿ ಮಣ್ಣಿನ ಪದರವಿರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ತಾಗಿದರೆ ಕೆಸರು. ಬಾವಿ ತೋಡುವವರಿಗೆ ಇದರ ಗುಣ ಚೆನ್ನಾಗಿ ಗೊತ್ತು. ಇಂಥ ನೀರು ಹೀರಿದ ಮೆದು ಮಣ್ಣಿನಲ್ಲಿ ಒಂಬತ್ತು ಸುರಂಗಗಳನ್ನು ತೋಡಬೇಕಿತ್ತು. ಸ್ವೀಡನ್ನಿನ ಯಂತ್ರ ಇಲ್ಲಿ ಕೆಲಸಕ್ಕೆ ಬಾರದು, ಸಿಡಿಸಲು ಬಂಡೆಯೇ ಇಲ್ಲ. ಸ್ವಲ್ಪ ಸ್ವಲ್ಪವೇ ಕೈಯಿಂದ ತೋಡಿ, ತೋಡಿದಷ್ಟಕ್ಕೆ ಕೂಡಲೇ ಆಸರೆ ಕೊಟ್ಟು ಮುಂದೆ ಹೋಗಬೇಕು. ಎಷ್ಟೋ ಸಲ ತೋಡಿದ್ದು ಹಾಗೇ ಕುಸಿಯಿತು, ಮತ್ತೆ ಮೊದಲಿನಿಂದ ಶುರು. ಈ ಒಂಬತ್ತು ಸುರಂಗಗಳು ನಾಲ್ಕು ವರ್ಷ ನುಂಗಿದವು, 19 ಜನರ ಜೀವ ತೆಗೆದವು. ಇಡೀ ಕಾಮಗಾರಿಯಲ್ಲಿ ಸತ್ತವರು 74 ಮಂದಿ.

ಇವುಗಳಲ್ಲಿ ಎಲ್ಲಕ್ಕಿಂತ ಕಾಡಿದ್ದು ಗೋವಾದ ಪೆರ್ನೆಮ್ ಸುರಂಗ. ಉದ್ದ ಒಂದೂವರೆ ಕಿಲೋಮೀಟರ್ ಅಷ್ಟೇ. ಕರ್ಬುಡೆಯ ಕಾಲು ಭಾಗದಷ್ಟೂ ಇಲ್ಲ. ಆದರೂ ಮಾರ್ಗದಲ್ಲಿ ಕೊನೆಗೆ ಮುಗಿದದ್ದು ಇದೇ. ಇಲ್ಲಿ ತ್ರಿಕೋನದ ಮಿತಿ ಕಾಣುತ್ತದೆ. ಕಾಲಕ್ಕೆ ಬದಲು ದುಡ್ಡು ಕೊಡಬಹುದು ಎಂಬ ಮಾತು ನಿಜವಾಗಲು ಆ ಜಾಗದಲ್ಲಿ ಹೆಚ್ಚು ಕೈಗಳಿಗೆ ಕೆಲಸ ಇರಬೇಕು. ಸುರಂಗದ ಬಾಯಲ್ಲಿ ನಿಲ್ಲಲು ಜಾಗವಿರುವುದು ಕೆಲವೇ ಜನರಿಗೆ. ನೂರು ಜನರನ್ನು ಹೆಚ್ಚಿಗೆ ಕಳಿಸಿದರೆ ತೊಂಬತ್ತು ಜನ ಹೊರಗೆ ನಿಲ್ಲಬೇಕು. ಮಣ್ಣು ಗಟ್ಟಿಯಾಗಲು, ನೀರು ಬಸಿಯಲು, ಕಾಂಕ್ರೀಟ್ ಬಿಗಿಯಲು ತೆಗೆದುಕೊಳ್ಳುವ ಸಮಯವನ್ನು ಯಾವ ಬಾಂಡಿನ ಹಣವೂ ಕೊಳ್ಳಲಾರದು. ಒಂದು ಹಂತ ದಾಟಿದ ಮೇಲೆ ದುಡ್ಡು ಹೆಚ್ಚಿಸಿದರೆ ಹೆಚ್ಚುವುದು ದುಡ್ಡು ಮಾತ್ರ.

ವ್ಯಾಪ್ತಿಯನ್ನು ಕುಗ್ಗಿಸುವ ದಾರಿಯೂ ಇಲ್ಲಿರಲಿಲ್ಲ. ನಿಲ್ದಾಣವೊಂದರ ಪ್ಲಾಟ್‌ಫಾರ್ಮ್ ಚಿಕ್ಕದು ಮಾಡಬಹುದು, ಸುರಂಗದ ಮುಕ್ಕಾಲು ಭಾಗ ಕೊರೆದು ನಿಲ್ಲಿಸಲಾಗದು. ಒಂದು ಸಣ್ಣ ಸಮಾಧಾನ ಎಂದರೆ ಮಾರ್ಗವನ್ನು ತುಂಡು ತುಂಡಾಗಿ ಬಳಕೆಗೆ ಬಿಡುವುದು. ಮಂಗಳೂರು, ಉಡುಪಿ ನಡುವೆ 1993ರ ಮಾರ್ಚಿನಲ್ಲೇ ರೈಲು ಓಡಿತು. ಉಡುಪಿಯ ಜನರಿಗೆ ಅದು ದೊಡ್ಡ ಸಂಭ್ರಮ, ನಿಗಮದ ಸಾಲದ ಖಾತೆಗೆ ಅಷ್ಟೇನೂ ಅಲ್ಲ. ಮುಂಬೈ, ಮಂಗಳೂರು ನಡುವೆ ನೇರ ಓಡುವ ರೈಲು, ಸರಕು ಬೋಗಿಗಳು ಬಂದಾಗಲೇ ನಿಜವಾದ ಆದಾಯ. ಆ ಒಂದೂವರೆ ಕಿಲೋಮೀಟರ್ ಮುಗಿಯದೆ 740 ಕಿಲೋಮೀಟರಿಗೂ ಅರ್ಥ ಬರುತ್ತಿರಲಿಲ್ಲ.

ಗೋವಾದಲ್ಲಿ ಇನ್ನೊಂದು ಬಗೆಯ ಮಣ್ಣೂ ಇತ್ತು. ಉಪ್ಪುನೀರಿನ ಅಂಚಿನ ಖಜಾನ್ ಗದ್ದೆಗಳಿಗೆ, ಹಳೆ ಗೋವಾದ ಚರ್ಚುಗಳಿಗೆ ಧಕ್ಕೆಯಾಗುತ್ತದೆ, ಮಾರ್ಗವನ್ನು ಒಳನಾಡಿಗೆ ಸರಿಸಿ ಎಂಬ ಚಳವಳಿ ಬಲವಾಗಿ ನಡೆಯಿತು. 1993ರಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಕೆಲಸ ನಿಲ್ಲಿಸಿ ವಿಚಾರಣೆಗೆ ಆಯೋಗ ನೇಮಿಸಿತು. ತಿಂಗಳುಗಳ ನಂತರ ಕೆಲಸ ಮತ್ತೆ ಶುರುವಾಯಿತು. ಆ ಜನರ ಆತಂಕ ಸುಳ್ಳಲ್ಲ, ಕೇಳಬೇಕಾದದ್ದೇ. ಆದರೆ ಮಾರ್ಗ ಎಲ್ಲಿ ಹೋಗಬೇಕು ಎಂಬುದು ವ್ಯಾಪ್ತಿಯ ಪ್ರಶ್ನೆ. ನಕ್ಷೆಯ ಮೇಲೆ ಗೆರೆ ಎಳೆಯುವಾಗ ಅದನ್ನು ಬಗೆಹರಿಸಿದರೆ ಖರ್ಚು ಕಾಗದದ್ದು. ಯಂತ್ರಗಳು ಬಂದು ನಿಂತ ಮೇಲೆ ಬಗೆಹರಿಸಿದರೆ ಪ್ರತಿ ತಿಂಗಳಿಗೂ ಬಡ್ಡಿ.

ತಡವಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಮೂಲೆಗಳು ಜಗ್ಗಿಕೊಳ್ಳುತ್ತಿವೆ ಎಂಬುದು ಹೊರಗಿನವರಿಗೆ ಗಡುವು ಮೀರಿದ ಮೇಲೆ ಗೊತ್ತಾಗುತ್ತದೆ. ಒಳಗಿನವರಿಗೆ ಬಹಳ ಮೊದಲೇ ಗೊತ್ತಾಗಬೇಕು. ಅದಕ್ಕೆ ಸುಲಭದ ಒಂದು ಲೆಕ್ಕವಿದೆ. ಅದೇ ಮೂರು ಕಿಲೋಮೀಟರಿನ ಸುರಂಗ, 30 ತಿಂಗಳು, ಈ ಸಲ ಬಜೆಟ್ 60 ಕೋಟಿ ಎಂದುಕೊಳ್ಳಿ. ಒಂದು ಮೀಟರಿಗೆ ಎರಡು ಲಕ್ಷ ಬಿತ್ತು. ಹನ್ನೆರಡನೆಯ ತಿಂಗಳ ಕೊನೆಗೆ 1200 ಮೀಟರ್ ಆಗಿರಬೇಕು, 24 ಕೋಟಿ ಖರ್ಚಾಗಿರಬೇಕು. ಖಾತೆ ನೋಡಿದರೆ ಸರಿಯಾಗಿ 24 ಕೋಟಿ ಖರ್ಚಾಗಿದೆ. ಸಭೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಚಹಾ ಕುಡಿಯುತ್ತಾರೆ.

ಆದರೆ ಟೇಪು ಹಿಡಿದು ಅಳೆದರೆ ಸುರಂಗ ಆಗಿರುವುದು 900 ಮೀಟರ್. ಮೀಟರಿಗೆ ಎರಡು ಲಕ್ಷದಂತೆ ಅದರ ಬೆಲೆ 18 ಕೋಟಿ. ಅಂದರೆ ಕೊಟ್ಟ ಪ್ರತಿ ರೂಪಾಯಿಗೆ 75 ಪೈಸೆಯ ಕೆಲಸ ಸಿಕ್ಕಿದೆ. ಇದೇ ಗತಿಯಲ್ಲಿ ಹೋದರೆ 60 ಕೋಟಿಯ ಕೆಲಸಕ್ಕೆ 80 ಕೋಟಿ ಬೇಕು, 30 ತಿಂಗಳ ಕೆಲಸಕ್ಕೆ 40 ತಿಂಗಳು ಬೇಕು. ಖರ್ಚನ್ನೂ ಕ್ಯಾಲೆಂಡರನ್ನೂ ಮಾತ್ರ ಪಕ್ಕಪಕ್ಕ ಇಟ್ಟರೆ ಇದು ಕಾಣುವುದಿಲ್ಲ. ಮುಗಿದ ಕೆಲಸ ಎಂಬ ಮೂರನೆಯ ಅಂಕಿಯನ್ನೂ ಇಟ್ಟಾಗಲೇ ಕಾಣುತ್ತದೆ. ಬಜೆಟ್ಟಿನ ಶೇ 40 ಖರ್ಚಾಗಿದೆ ಎಂದು ಯಾವುದಾದರೂ ಕಾಮಗಾರಿಯ ಬಗ್ಗೆ ಪತ್ರಿಕೆಯಲ್ಲಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಯೂ ಅದೇ: ಕೆಲಸ ಶೇಕಡಾ ಎಷ್ಟು ಆಗಿದೆ? ಹನ್ನೆರಡನೆಯ ತಿಂಗಳಲ್ಲೇ ಇದು ಗೊತ್ತಾದರೆ ಇನ್ನೊಂದು ಕಡೆಯಿಂದ ಬಾಯಿ ತೆರೆಯುವುದೋ, ಗಡುವು ಮುಂದೂಡಿ ಸಾಲಗಾರರಿಗೆ ತಿಳಿಸುವುದೋ, ಏನಾದರೊಂದು ಮಾಡಲು ಜಾಗವಿರುತ್ತದೆ. ಇಪ್ಪತ್ತೆಂಟನೆಯ ತಿಂಗಳಲ್ಲಿ ಗೊತ್ತಾದರೆ ನೆಪ ಹುಡುಕುವುದೊಂದೇ ಉಳಿಯುವ ಕೆಲಸ.

ತ್ರಿಕೋನದಲ್ಲಿ ಬರೆಯದ ಮಾತು

1998ರ ಜನವರಿ 26ರಂದು ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡಿತು. ಐದು ವರ್ಷ ಎಂದದ್ದು ಏಳು ದಾಟಿತು. ಸಾಲದ ಬಡ್ಡಿಯೂ ಸೇರಿ ವೆಚ್ಚ ಸುಮಾರು ಮೂರೂವರೆ ಸಾವಿರ ಕೋಟಿ ರೂಪಾಯಿ ಮುಟ್ಟಿತು. ಆ ನೆಲ, ಆ ಮಳೆ, ಆ ಕಾಲದ ಸರ್ಕಾರಿ ಕಾಮಗಾರಿಗಳ ಗತಿ ನೋಡಿದರೆ ಇದು ವೇಗವೇ.

ಆದರೆ ಮೂರು ಮೂಲೆಗಳನ್ನು ಬಿಗಿಹಿಡಿದಾಗ ಒತ್ತಡ ಇನ್ನೊಂದು ಕಡೆ ಸದ್ದಿಲ್ಲದೆ ಹರಿಯುತ್ತದೆ. ಅದು ಗುಣಮಟ್ಟ. ಎಷ್ಟು ಕಿಲೋಮೀಟರ್ ಎಂಬುದು ಒಪ್ಪಂದದಲ್ಲಿರುತ್ತದೆ, ದಿನಾಂಕವನ್ನು ಫಲಕದಲ್ಲಿ ಬರೆದಿರುತ್ತಾರೆ, ವೆಚ್ಚ ಲೆಕ್ಕಪತ್ರದಲ್ಲಿರುತ್ತದೆ. ಗುಣಮಟ್ಟ ಕಡಿಮೆಯಾದದ್ದು ಮಾತ್ರ ಉದ್ಘಾಟನೆಯ ದಿನ ಕಾಣುವುದಿಲ್ಲ, ಮಳೆಗಾಲದಲ್ಲಿ ಕಾಣುತ್ತದೆ.

ಗುಡ್ಡ ಕಡಿದು ಹಳಿ ಹಾಕಿದ ಜಾಗಗಳನ್ನು ನೋಡಿ. ಇಪ್ಪತ್ತು ಮೀಟರ್ ಆಳದ ಒಂದು ಕಡಿತ, ತಳದಲ್ಲಿ ಆರು ಮೀಟರ್ ಅಗಲ ಬೇಕು ಎಂದುಕೊಳ್ಳೋಣ. ಎರಡೂ ಬದಿಯ ಗೋಡೆಯನ್ನು ಕಡಿದಾಗಿ, ನಾಲ್ಕು ಮೀಟರ್ ಎತ್ತರಕ್ಕೆ ಒಂದು ಮೀಟರ್ ಮಾತ್ರ ಹೊರಗೆ ವಾಲುವಂತೆ ಕಡಿದರೆ ಮೇಲ್ಭಾಗದ ಅಗಲ 16 ಮೀಟರ್. ಒಂದು ಮೀಟರ್ ಉದ್ದಕ್ಕೆ 220 ಘನ ಮೀಟರ್ ಮಣ್ಣು ತೆಗೆಯಬೇಕು. ಅದೇ ಗೋಡೆಯನ್ನು ಒಂದು ಮೀಟರ್ ಎತ್ತರಕ್ಕೆ ಒಂದು ಮೀಟರ್ ವಾಲಿಸಿದರೆ ಮೇಲಿನ ಅಗಲ 46 ಮೀಟರ್, ತೆಗೆಯಬೇಕಾದ ಮಣ್ಣು 520 ಘನ ಮೀಟರ್. ಎರಡು ಪಟ್ಟಿಗಿಂತ ಹೆಚ್ಚು ಮಣ್ಣು, ಎರಡು ಪಟ್ಟಿಗಿಂತ ಹೆಚ್ಚು ಜಾಗ. ಕಾಲ, ದುಡ್ಡು ಎರಡರಲ್ಲೂ ಬಿಗಿಯಿದ್ದಾಗ ಎಂಜಿನಿಯರ್ ಯಾವ ಕಡೆ ವಾಲುತ್ತಾನೆ ಎಂದು ಹೇಳಬೇಕಿಲ್ಲ. ಕಡಿದಾದ ಗೋಡೆಯನ್ನು ಹಿಡಿದಿಡುವುದು ಆ ಮಣ್ಣಿನ ಅಂಟು. ಮುರಕಲ್ಲಿನ ನಾಡಿನಲ್ಲಿ ಆಷಾಢದ ಮಳೆ ಅದನ್ನೇ ಕರಗಿಸುತ್ತದೆ.

2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿಯ ಹತ್ತಿರ ಹಳಿಯ ಮೇಲೆ ಬಂಡೆಮಣ್ಣು ಜಾರಿ ರೈಲು ಉರುಳಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಿನ ವರ್ಷದ ಜೂನ್‌ನಲ್ಲಿ ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹಳಿಗೆ ಬಿದ್ದ ಬಂಡೆಗೆ ಡಿಕ್ಕಿ ಹೊಡೆದು ಸೇತುವೆಯಿಂದ ಬಿತ್ತು. ಅಲ್ಲೂ ಹತ್ತಕ್ಕೂ ಹೆಚ್ಚು ಸಾವು. ಆಮೇಲೆ ನಿಗಮ ವರ್ಷ ವರ್ಷವೂ ಗುಡ್ಡದ ಇಳಿಜಾರನ್ನು ತಗ್ಗಿಸುತ್ತ, ಬಂಡೆಗಳಿಗೆ ಬಲೆ ಹೊದಿಸುತ್ತ, ತಡೆಗೋಡೆ ಕಟ್ಟುತ್ತ, ಮಳೆಗಾಲದಲ್ಲಿ ಹಗಲಿರುಳು ಕಾವಲು ಹಾಕುತ್ತ ಬಂದಿದೆ. ಆ ದಿನಗಳಿಗೆ ಬೇರೆಯೇ ವೇಳಾಪಟ್ಟಿ ಇದೆ. ಮಳೆ ಜೋರಾದರೆ ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗಿ ಎಂದು ಚಾಲಕರಿಗೆ ಸೂಚನೆ. 160 ಕಿಲೋಮೀಟರ್ ವೇಗಕ್ಕೆಂದು ಸುರಂಗ ಕೊರೆದ ಮಾರ್ಗದಲ್ಲಿ ಗುಡ್ಡದ ಗೋಡೆ ವೇಗವನ್ನು ತೀರ್ಮಾನಿಸುತ್ತದೆ. ಪೆರ್ನೆಮ್ ಕೂಡ ಸುಮ್ಮನಿಲ್ಲ. 2020ರ ಆಗಸ್ಟಿನಲ್ಲಿ ಆ ಸುರಂಗದ ಗೋಡೆ ಕುಸಿದು, 2024ರ ಜುಲೈನಲ್ಲಿ ಅಲ್ಲಿ ನೀರು ನುಗ್ಗಿ ರೈಲುಗಳು ನಿಂತವು.

ಮುಂದಕ್ಕೆ ಹಾಕಿದ್ದರ ಬೆಲೆ

ಸಾಲದ ಮೂಲೆಯ ಬೆಲೆಯನ್ನು ಪ್ರಯಾಣಿಕರೂ ಕೊಟ್ಟರು. ಈ ಮಾರ್ಗದಲ್ಲಿ ಟಿಕೆಟ್ಟಿಗೆ ದೂರವನ್ನು ನಿಜಕ್ಕಿಂತ ಶೇ 40ರಷ್ಟು ಹಿಗ್ಗಿಸಿ ದರ ಹಾಕುವ ಪದ್ಧತಿ ಬಂತು. ಕುಂದಾಪುರದಿಂದ ಕಾರವಾರಕ್ಕೆ ಹೋಗುವವರು ಕಿಲೋಮೀಟರಿಗೆ ಬಯಲುಸೀಮೆಯ ಪ್ರಯಾಣಿಕರಿಗಿಂತ ಹೆಚ್ಚು ಕೊಡುತ್ತಾರೆ. ಹಾಗೆ ಸಾಲದ ಒಂದು ಭಾಗ ಟಿಕೆಟ್ ಕೌಂಟರಿಗೆ ಬಂತು.

ಮುಂದಕ್ಕೆ ಹಾಕಿದ ವ್ಯಾಪ್ತಿಯ ಕತೆ ಇನ್ನೂ ಸ್ವಾರಸ್ಯದ್ದು. ವಿದ್ಯುತ್ ತಂತಿಯ ವಿಷಯದಲ್ಲಿ ‘ಆಮೇಲೆ ಮಾಡಿದರಾಯಿತು’ ಎಂಬ ಮಾತು ಫಲಿಸಿತು. ಎರಡನೆಯ ಹಳಿಯ ವಿಷಯದಲ್ಲಿ ಅಷ್ಟು ಸುಲಭವಾಗಿಲ್ಲ. ಒಂಟಿ ಹಳಿಯಲ್ಲಿ ರೈಲುಗಳು ಹೆಚ್ಚಿದಂತೆ ಕ್ರಾಸಿಂಗಿಗೆ ಕಾಯುವ ಹೊತ್ತೂ ಹೆಚ್ಚಿತು. ನಿಗಮ ಹೊಸ ಕ್ರಾಸಿಂಗ್ ನಿಲ್ದಾಣಗಳನ್ನು ಸೇರಿಸಿ ಒಂದಷ್ಟು ಉಸಿರಾಟಕ್ಕೆ ಜಾಗ ಮಾಡಿಕೊಂಡಿತು. 2021ರಲ್ಲಿ ರೋಹಾದಿಂದ ವೀರ್‌ವರೆಗಿನ ಸುಮಾರು 46 ಕಿಲೋಮೀಟರ್ ಜೋಡಿ ಹಳಿಯಾಯಿತು. ಉಳಿದ ಮಾರ್ಗದಲ್ಲಿ ಜೋಡಿ ಹಳಿ ಎಂದರೆ ಇರುವ ಹಳಿಯ ಪಕ್ಕದಲ್ಲಿ ಇನ್ನೊಂದು ಹಾಸುವುದಲ್ಲ, ಇರುವ ಸುರಂಗದ ಪಕ್ಕದಲ್ಲಿ ಇನ್ನೊಂದು ಸುರಂಗ ಕೊರೆಯುವುದು, ಅದೂ ಪಕ್ಕದ ಸುರಂಗದಲ್ಲಿ ರೈಲು ಓಡುತ್ತಿರುವಾಗ.

1990ರಲ್ಲಿ ಜೋಡಿ ಹಳಿಗೆ ದುಡ್ಡಿರಲಿಲ್ಲ, ಬೇಕೇ ಬೇಕು ಎಂದು ಹಟ ಹಿಡಿದಿದ್ದರೆ ಒಂಟಿ ಹಳಿಯೂ ಆಗುತ್ತಿರಲಿಲ್ಲವೇನೋ. ಆ ತೀರ್ಮಾನ ಸರಿಯೇ. ಆದರೆ ಬಿಟ್ಟದ್ದೆಲ್ಲ ಒಂದೇ ಬಗೆಯದಲ್ಲ. ಕೆಲವನ್ನು ಹಳೆಯ ಕೆಲಸದ ಮೇಲೆಯೇ ಕೂರಿಸಬಹುದು, ಕೆಲವಕ್ಕೆ ಮೊದಲಿನಿಂದ ಶುರು ಮಾಡಬೇಕು. ಒಂದು ಕೆಲಸದ ಪಟ್ಟಿಯಿಂದ ಏನನ್ನಾದರೂ ಹೊಡೆದುಹಾಕುವ ಮೊದಲು ಇವತ್ತು ಎಷ್ಟು ಉಳಿಯುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆದಿಡಬೇಕು: ಮುಂದೆ ಇದನ್ನೇ ಸೇರಿಸಬೇಕಾಗಿ ಬಂದರೆ ಎಷ್ಟು ಕಾಲ, ಎಷ್ಟು ದುಡ್ಡು. ಎರಡೂ ಅಂಕಿಗಳನ್ನು ನೋಡಿ ಬಿಟ್ಟರೆ ಅದು ತೀರ್ಮಾನ. ಮೊದಲನೆಯದನ್ನು ಮಾತ್ರ ನೋಡಿ ಬಿಟ್ಟರೆ ಅದು ಮುಂದಿನ ತಲೆಮಾರಿನ ಹೆಸರಿನಲ್ಲಿ ಎತ್ತಿದ ಸಾಲ.